ತಂಗಿ ಮದುವೆಯ ಪಟ್ಟಿಯಲ್ಲಿ ಏಳನೇ ಕಾಲಂ

ನಮ್ಮ ತಂಗಿ ಮದುವೆ ಮಾತುಕತೆ ಮುಗಿದದ್ದು ನವೆಂಬರ್‌ನಲ್ಲಿ. ಧಾರೆ ಏಪ್ರಿಲ್ ಕೊನೆಯ ಭಾನುವಾರ, ಹಾಸನದಲ್ಲಿ. ಅಪ್ಪ ನಿವೃತ್ತರು, ಅಮ್ಮನಿಗೆ ಮಂಡಿನೋವು, ತಂಗಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹಾಗಾಗಿ ಫೋನು, ಓಡಾಟ, ಲೆಕ್ಕ ಎಲ್ಲ ನನ್ನ ತಲೆಗೇ ಬಂತು. ದುಡ್ಡು ಮಾತ್ರ ಅಪ್ಪನದು, ಅದನ್ನು ಅವರು ದಿನಕ್ಕೊಂದು ಸಲ ನೆನಪಿಸುತ್ತಿದ್ದರು.

ಮದುವೆ ದಿನವನ್ನು ಪುರೋಹಿತರು ಗೊತ್ತು ಮಾಡುತ್ತಾರೆ ಅಂತ ನಾವೆಲ್ಲ ಹೇಳುತ್ತೇವೆ. ನಿಜವಾಗಿ ಗೊತ್ತು ಮಾಡುವುದು ಛತ್ರದ ಮ್ಯಾನೇಜರು. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಆಗ ಮದುವೆ ಇಲ್ಲ. ಜೂನ್-ಜುಲೈ ಕಡೆಗೆ ಆಷಾಢ ಬರುತ್ತದೆ, ಆಗಲೂ ಇಲ್ಲ. ನಡುವೆ ಉಳಿಯುವ ತಿಂಗಳುಗಳಲ್ಲೂ ಮುಹೂರ್ತ ಇರುವ ಭಾನುವಾರಗಳು ಬೆರಳೆಣಿಕೆಯಷ್ಟು. ಊರಿನವರೆಲ್ಲರ ಕಣ್ಣೂ ಅದೇ ಭಾನುವಾರಗಳ ಮೇಲೆ. ಅದಕ್ಕೇ ನಾವು ಪುರೋಹಿತರ ಹತ್ತಿರ ಒಂದು ದಿನ ಕೇಳಲಿಲ್ಲ, ಮೂರು ಮುಹೂರ್ತ ಬರೆಸಿಕೊಂಡು ಛತ್ರಗಳಿಗೆ ಹೋದೆವು. ಮೂರರಲ್ಲಿ ಒಂದು ದಿನ ಒಂದು ಛತ್ರ ಖಾಲಿ ಇತ್ತು. ಬೀಗರಿಗೆ ಅಲ್ಲಿಂದಲೇ ಫೋನ್ ಮಾಡಿ ಒಪ್ಪಿಗೆ ಪಡೆದು ಅಡ್ವಾನ್ಸ್ ಕೊಟ್ಟೆವು. ಮನೆಗೆ ಬಂದು ಯೋಚನೆ ಮಾಡಿ ಹೇಳುತ್ತೇವೆ ಅಂದಿದ್ದರೆ ಅದೂ ಹೋಗುತ್ತಿತ್ತು. ನಾವು ರಸೀದಿ ಬರೆಸುತ್ತಿರುವಾಗಲೇ ಇನ್ನೊಂದು ಮನೆಯವರು ಅದೇ ತಾರೀಖು ಕೇಳಿಕೊಂಡು ಒಳಗೆ ಬಂದರು.

ಛತ್ರದವರು ಮೊದಲು ಕೇಳಿದ್ದು ಹುಡುಗ-ಹುಡುಗಿಯ ವಯಸ್ಸಿನ ದಾಖಲೆ. ಬಾಲ್ಯವಿವಾಹ ನಡೆದರೆ ಛತ್ರದವರ ಮೇಲೂ ಕೇಸು ಬರುತ್ತದೆ, ಅದಕ್ಕೇ ಆಧಾರ್ ಅಥವಾ ಹತ್ತನೇ ಕ್ಲಾಸಿನ ಅಂಕಪಟ್ಟಿ ಇಲ್ಲದೆ ಬುಕ್ಕಿಂಗ್ ಮಾಡುವುದಿಲ್ಲ. ತಂಗಿ ವಾಟ್ಸಾಪಿನಲ್ಲಿ ಕಳಿಸಿದಳು, ಅಲ್ಲೇ ಪ್ರಿಂಟ್ ಹಾಕಿಸಿದ್ದಾಯಿತು.

ರಸೀದಿಯ ಹಿಂಭಾಗದಲ್ಲಿ ಷರತ್ತುಗಳು ಇರುತ್ತವೆ. ಸಣ್ಣ ಅಕ್ಷರ, ಯಾರೂ ಓದುವುದಿಲ್ಲ. ನಮ್ಮ ಚಿಕ್ಕಪ್ಪ ಕೋ-ಆಪರೇಟಿವ್ ಬ್ಯಾಂಕಿನಲ್ಲಿ ಇದ್ದವರು, ಅವರಿಗೆ ಹಿಂಭಾಗ ಓದುವ ಚಟ. ಬಾಡಿಗೆ ಶನಿವಾರ ಮಧ್ಯಾಹ್ನ 3 ಗಂಟೆಯಿಂದ ಭಾನುವಾರ ಮಧ್ಯಾಹ್ನ 3 ಗಂಟೆವರೆಗೆ. ಕರೆಂಟಿಗೆ ಮೀಟರ್ ಓಡಿದಷ್ಟು ಬೇರೆ. ಜನರೇಟರಿಗೆ ಗಂಟೆ ಲೆಕ್ಕ ಬೇರೆ. ಕ್ಲೀನಿಂಗಿಗೆ ಬೇರೆ, ಗ್ಯಾಸಿಗೆ ಬೇರೆ. ಬಾಡಿಗೆ ಮೇಲೆ ಶೇ 18 ಜಿಎಸ್‌ಟಿ. ನಾವೇ ಬೇಡ ಅಂದರೆ ಅಡ್ವಾನ್ಸ್ ವಾಪಸ್ ಇಲ್ಲ. ಉಳಿದ ಬಾಡಿಗೆ ಮದುವೆಗೆ ಹದಿನೈದು ದಿನ ಮುಂಚೆ ಕಟ್ಟಬೇಕು. ಮ್ಯಾನೇಜರು ಬಾಯಲ್ಲಿ ಹೇಳಿದ ಮೊತ್ತಕ್ಕೂ ಇದೆಲ್ಲ ಸೇರಿದ ಮೇಲಿನ ಮೊತ್ತಕ್ಕೂ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಇತ್ತು.

ಅವತ್ತು ರಾತ್ರಿ ಫೋನಿನಲ್ಲಿ ಒಂದು ಶೀಟ್ ಶುರು ಮಾಡಿದೆ. ಕೆಲಸ, ಯಾರು ಮಾಡುತ್ತಾರೆ, ಒಪ್ಪಿದ ದುಡ್ಡು, ಕೊಟ್ಟದ್ದು, ಬಾಕಿ, ಬಾಕಿ ಕೊಡುವ ದಿನ. ಆರು ಕಾಲಂ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಏಳನೇ ಕಾಲಂ ಹೇಳಿಕೊಟ್ಟವರು ಚಿಕ್ಕಪ್ಪ. "ಬದಲಾಯಿಸೋಕೆ ಕೊನೇ ದಿನ ಅಂತ ಒಂದು ಹಾಕಮ್ಮ" ಅಂದರು. "ದುಡ್ಡು ಯಾವತ್ತು ಕೊಡಬೇಕು ಅಂತ ಅವರೇ ಫೋನ್ ಮಾಡಿ ನೆನಪಿಸ್ತಾರೆ. ಯಾವತ್ತಿನವರೆಗೆ ನೀನು ಮನಸ್ಸು ಬದಲಾಯಿಸಬಹುದು ಅಂತ ಯಾರೂ ಫೋನ್ ಮಾಡಲ್ಲ."

ಆಮೇಲೆ ಪಟ್ಟಿಯನ್ನು ಆ ಏಳನೇ ಕಾಲಂ ಪ್ರಕಾರವೇ ಜೋಡಿಸಿಕೊಂಡೆ. ಆಗ ಪಟ್ಟಿಯ ರೂಪವೇ ಬೇರೆಯಾಯಿತು. ಎಲ್ಲಕ್ಕಿಂತ ದೊಡ್ಡ ಖರ್ಚು ಊಟ. ಆದರೆ ಊಟದ ಎಲೆ ಎಷ್ಟು ಅಂತ ಮದುವೆಗೆ ಐದು ದಿನ ಮುಂಚೆವರೆಗೂ ಬದಲಾಯಿಸಬಹುದು. ಅದು ಕೆಳಗೆ ಹೋಯಿತು. ಕರೆಯೋಲೆ ಖರ್ಚು ಸಣ್ಣದು. ಆದರೆ ಒಂದು ಸಲ ಪ್ರೆಸ್ಸಿಗೆ ಹೋದರೆ ಮುಗಿಯಿತು, ಅದರಲ್ಲಿ ಅಚ್ಚಾದ ಹೊತ್ತನ್ನು ಯಾರೂ ತಿದ್ದುವುದಕ್ಕಾಗುವುದಿಲ್ಲ. ಅದು ಮೇಲೆ ಬಂತು.

ಕರೆಯೋಲೆಯ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ನಮ್ಮ ಕಡೆ ಹತ್ತಿರದ ನೆಂಟರಿಗೆ ಮನೆಗೆ ಹೋಗಿ, ಅರಿಶಿನ ಕುಂಕುಮ ಇಟ್ಟು ಕರೆಯಬೇಕು. ವಾಟ್ಸಾಪಿನಲ್ಲಿ ಕಳಿಸಿದರೆ ಬರುವುದಿಲ್ಲ, ಬಂದರೂ ಹತ್ತು ವರ್ಷ ಆ ಮಾತು ಆಡುತ್ತಾರೆ. ಹೊಳೆನರಸೀಪುರ, ಅರಕಲಗೂಡು, ಸಕಲೇಶಪುರ, ಬೆಂಗಳೂರು ಅಂತ ನೆಂಟರು ಹರಡಿಕೊಂಡಿದ್ದಾರೆ. ವಾರದ ಕೊನೆಗಳಲ್ಲಿ ಮಾತ್ರ ನಮ್ಮ ಯಜಮಾನರಿಗೆ ಬಿಡುವು. ಹಾಗಾಗಿ ಕರೆಯುವುದಕ್ಕೇ ಒಂದು ತಿಂಗಳು ಮೀರುತ್ತದೆ. ಅದಕ್ಕೂ ಮುಂಚೆ ಮೊದಲ ಪತ್ರಿಕೆ ಮನೆದೇವರಿಗೆ ಇಡಬೇಕು. ಇದನ್ನೆಲ್ಲ ಹಿಂದಕ್ಕೆ ಎಣಿಸಿದರೆ ಫೆಬ್ರವರಿ ಮುಗಿಯುವುದರೊಳಗೆ ಪತ್ರಿಕೆ ಕೈಯಲ್ಲಿರಬೇಕು ಅಂತಾಯಿತು.

ಪ್ರೂಫ್ ಬಂದಾಗ ಮನೆಯಲ್ಲಿ ಎಲ್ಲರೂ ಹೆಸರು ನೋಡಿದರು. ಸುಖಾಗಮನ ಬಯಸುವವರ ಸಾಲಿನಲ್ಲಿ ಯಾರು ಮೇಲೆ, ಯಾರು ಕೆಳಗೆ, ದೊಡ್ಡತ್ತೆಯ ಅಳಿಯನ ಇನಿಷಿಯಲ್ ಸರಿ ಇದೆಯಾ ಅಂತ. ಚಿಕ್ಕಪ್ಪ ಹೊತ್ತು ನೋಡಿದರು. ಆರತಕ್ಷತೆ ಶನಿವಾರ ಸಂಜೆ 6.30, ಮುಹೂರ್ತ ಭಾನುವಾರ ಬೆಳಿಗ್ಗೆ 10.15ರಿಂದ 11.05, ಮಿಥುನ ಲಗ್ನ. "ಮುಹೂರ್ತ ಸರಿ. ಛತ್ರದ ಕೀಲಿ ಮೂರು ಗಂಟೆಗೆ ಅಲ್ವಾ? ಶನಿವಾರ ಬೆಳಿಗ್ಗೆ ಅಲ್ಲಿ ಯಾರ ಮದುವೆ ಇದೆ?" ಅಂತ ಕೇಳಿದರು.

ಛತ್ರಕ್ಕೆ ಫೋನ್ ಮಾಡಿದೆ. ಶನಿವಾರ ಬೆಳಿಗ್ಗೆ ಇನ್ನೊಂದು ಮನೆಯವರ ಧಾರೆ ಇತ್ತು. ಸೀಸನ್ನಿನಲ್ಲಿ ಛತ್ರ ಹಾಗೇ ನಡೆಯುವುದು, ಒಬ್ಬರು ಹೊರಗೆ ಹೋಗುವಾಗ ಇನ್ನೊಬ್ಬರು ಒಳಗೆ. ಅವರ ಕೊನೆಯ ಪಂಕ್ತಿ ಎರಡೂವರೆಗೆ ಎದ್ದರೆ, ಸಾಮಾನು ತುಂಬಿ, ನೆಲ ತೊಳೆದು ನಮಗೆ ಕೊಡುವಾಗ ಮೂರೂವರೆ ಆದರೂ ಆಯಿತು. ನಮ್ಮ ಹೂವಿನ ಅಲಂಕಾರದವರು ವೇದಿಕೆಗೆ ಐದು ಗಂಟೆ ಬೇಕು ಅಂದಿದ್ದರು. ಅಡುಗೆಯವರಿಗೆ ರಾತ್ರಿ ಊಟಕ್ಕೆ ಒಲೆ ಹಚ್ಚುವುದಕ್ಕೆ ಮಧ್ಯಾಹ್ನವೇ ಅಡುಗೆಮನೆ ಬೇಕು. ಮೂರೂವರೆಗೆ ಐದು ಸೇರಿಸಿದರೆ ಎಂಟೂವರೆ. ಪತ್ರಿಕೆಯಲ್ಲಿ ಆರೂವರೆ.

ಇದು ಎಲ್ಲ ಮದುವೆಗಳಲ್ಲೂ ಆಗುವುದೇ. ನೀವೂ ನೋಡಿರುತ್ತೀರಿ, ಆರತಕ್ಷತೆಗೆ ಅಂತ ಹೋದರೆ ವೇದಿಕೆ ಮೇಲೆ ಇಬ್ಬರು ಹುಡುಗರು ಏಣಿ ಹತ್ತಿ ಹೂವು ಸಿಗಿಸುತ್ತಿರುತ್ತಾರೆ. ಹುಡುಗಿ ಒಳಗೆ ರೆಡಿಯಾಗಿ ಕೂತಿರುತ್ತಾಳೆ, ನೆಂಟರು ಕುರ್ಚಿಯಲ್ಲಿ ಕೂತು ಜ್ಯೂಸ್ ಕುಡಿಯುತ್ತಿರುತ್ತಾರೆ. ಅಲಂಕಾರದವರು ತಡ ಮಾಡಿದರು ಅಂತ ಎಲ್ಲರೂ ಬಯ್ಯುತ್ತಾರೆ. ಅವರಿಗೆ ಸಿಕ್ಕಿದ್ದೇ ಎರಡು ಗಂಟೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಪತ್ರಿಕೆ ಇನ್ನೂ ಪ್ರೆಸ್ಸಿಗೆ ಹೋಗಿರಲಿಲ್ಲ. ಹಾಗಾಗಿ ಮೂರು ಕೆಲಸ ಮಾಡಿದೆವು. ಆರತಕ್ಷತೆ ಹೊತ್ತನ್ನು 7.30 ಅಂತ ತಿದ್ದಿಸಿದೆವು. ಅಲಂಕಾರದವರ ಹತ್ತಿರ ಕೂತು, ಅಲ್ಲೇ ಕಟ್ಟಬೇಕಾದ ಹೂವಿನ ಗೋಡೆ ಬೇಡ, ನಿಮ್ಮ ಗೋಡೌನಿನಲ್ಲೇ ಕಟ್ಟಿ ತಂದು ನಿಲ್ಲಿಸುವ ಫ್ರೇಮ್ ಮಾಡಿ ಅಂತ ಒಪ್ಪಿಸಿದೆವು. ಹಾಗೆ ಮಾಡಿದರೆ ಮೂರು ಗಂಟೆಯಲ್ಲಿ ಮುಗಿಯುತ್ತದೆ, ಖರ್ಚೂ ಸ್ವಲ್ಪ ಇಳಿಯಿತು. ಧಾರೆ ಮಂಟಪವನ್ನು ರಾತ್ರಿ ಊಟ ಆದ ಮೇಲೆ ಕಟ್ಟುವುದು ಅಂತಾಯಿತು. ಅಡುಗೆಮನೆಗೆ ಮಾತ್ರ ಬೇರೆ ದಾರಿ ಇರಲಿಲ್ಲ. ಅಡುಗೆ ಕಾಂಟ್ರಾಕ್ಟರು "ತರಕಾರಿ ಹೆಚ್ಚೋದು, ಸಿಹಿ ಮಾಡೋದು ನಮ್ಮ ಶೆಡ್ಡಲ್ಲೇ ಮುಗಿಸ್ಕೊಂಡು ಬರ್ತೀವಿ ಅಕ್ಕಾ, ಅನ್ನ ಸಾರು ಇಲ್ಲಿ" ಅಂದರು. ಅದಕ್ಕೆ ಲಾರಿ ಬಾಡಿಗೆ ಅಂತ ಸ್ವಲ್ಪ ಜಾಸ್ತಿ ಕೇಳಿದರು, ಕೊಟ್ಟೆವು.

ಹೊತ್ತು ಬದಲಾಗಿದ್ದಕ್ಕೆ ಬೀಗರ ಕಡೆ ಒಂದಿಬ್ಬರು ಮುಖ ಸಣ್ಣ ಮಾಡಿದರು. ರಾತ್ರಿ ತುಮಕೂರಿಗೆ ವಾಪಸ್ ಹೋಗುವವರಿಗೆ ತಡವಾಗುತ್ತದೆ ಅಂತ. ಹುಡುಗನ ತಂದೆ ಮಾತ್ರ "ಖಾಲಿ ಸ್ಟೇಜ್ ನೋಡ್ಕೊಂಡು ಕೂರೋದಕ್ಕಿಂತ ಇದೇ ವಾಸಿ" ಅಂದುಬಿಟ್ಟರು.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಮದುವೆಗೆ ಒಟ್ಟು ಎಷ್ಟು ಬೇಕು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಯಾವ ವಾರ ಎಷ್ಟು ಬೇಕು ಅಂತ ಹಾಕುವುದಿಲ್ಲ. ನನ್ನ ಶೀಟಿನಲ್ಲಿ ಬಾಕಿ ಕೊಡುವ ದಿನಗಳನ್ನು ವಾರದ ಪ್ರಕಾರ ಕೂಡಿಸಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಡಿಸೆಂಬರ್‌ನಲ್ಲಿ ಅಡ್ವಾನ್ಸುಗಳು, ಜನವರಿಯಲ್ಲಿ ಒಡವೆ, ಫೆಬ್ರವರಿಯಲ್ಲಿ ಸೀರೆ, ಮಾರ್ಚ್ ಹೆಚ್ಚುಕಮ್ಮಿ ಖಾಲಿ. ಏಪ್ರಿಲ್ ಎರಡನೇ ವಾರದಲ್ಲಿ ಛತ್ರದ ಬಾಕಿ, ಅಡುಗೆಯವರ ಅರ್ಧ, ಅಲಂಕಾರದವರ ಅರ್ಧ, ಬಸ್ಸಿನ ಅಡ್ವಾನ್ಸ್ ಎಲ್ಲ ಒಟ್ಟಿಗೆ. ಎಲ್ಲರೂ ಹದಿನೈದು ದಿನ ಮುಂಚೆ ಅನ್ನುತ್ತಾರೆ, ಹದಿನೈದು ದಿನ ಮುಂಚೆ ಅನ್ನುವುದು ಎಲ್ಲರಿಗೂ ಒಂದೇ ದಿನ.

ಆ ವಾರ ಸುಮಾರು ಎರಡು ಲಕ್ಷ ಕಡಿಮೆ ಬೀಳುತ್ತಿತ್ತು. ಅಪ್ಪನ ಚೀಟಿ ದುಡ್ಡು ಒಡವೆಗೆ ಹೋಗಿತ್ತು. ನಾಲ್ಕು ಲಕ್ಷದ ಎಫ್‌ಡಿ ಇತ್ತು, ಆದರೆ ಅದರ ಅವಧಿ ಮುಗಿಯುವುದು ಮದುವೆಗೆ ಮೂರು ನಾಲ್ಕು ದಿನ ಇರುವಾಗ. ಅಮ್ಮ "ಎಫ್‌ಡಿ ಮುರಿಸಿಬಿಡಿ" ಅಂದರು. ಚಿಕ್ಕಪ್ಪ ಬೇಡ ಅಂದರು. ಅವಧಿಗೆ ಮುಂಚೆ ಮುರಿದರೆ ಬ್ಯಾಂಕು ಬಡ್ಡಿಯಲ್ಲಿ ಶೇ 1 ಹಿಡಿಯುತ್ತದೆ. ಒಂದು ವರ್ಷದ ಎಫ್‌ಡಿ, ನಾಲ್ಕು ಲಕ್ಷಕ್ಕೆ ಶೇ 1 ಅಂದರೆ ನಾಲ್ಕು ಸಾವಿರ ಹೋಯಿತು. ಅದರ ಬದಲು ಅದೇ ಎಫ್‌ಡಿ ಮೇಲೆ ಸಾಲ ತೆಗೆದುಕೊಂಡರೆ ಬಡ್ಡಿ ಎಫ್‌ಡಿಗಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಅಷ್ಟೇ. ನಮ್ಮ ಎಫ್‌ಡಿಗೆ 7 ಇತ್ತು, ಸಾಲಕ್ಕೆ 9 ಅಂದರು. ಎರಡು ಲಕ್ಷಕ್ಕೆ ಶೇ 9ರಂತೆ ಹನ್ನೆರಡು ದಿನದ ಬಡ್ಡಿ ಹಾಕಿ ನೋಡಿದರೆ ಆರುನೂರು ರೂಪಾಯಿ ಕೂಡ ಪೂರ್ತಿ ಆಗುವುದಿಲ್ಲ. ಬ್ಯಾಂಕಿನಲ್ಲಿ ಒಂದು ಅರ್ಜಿ, ಎಫ್‌ಡಿ ರಸೀದಿ, ಸಹಿ, ಅಷ್ಟೇ. ಅವಧಿ ಮುಗಿದ ದಿನ ಸಾಲ ಕಳೆದು ಉಳಿದದ್ದು ಅಪ್ಪನ ಖಾತೆಗೆ ಬಂತು.

ಇನ್ನೊಂದು ಮಾತು ನಗದಿನದು. ನಮ್ಮ ಅಡುಗೆ ಕಾಂಟ್ರಾಕ್ಟರು ಮೊದಲು ಎಲ್ಲ ಕ್ಯಾಷಲ್ಲೇ ಕೊಡಿ ಅಂದರು. ಆದಾಯ ತೆರಿಗೆ ಕಾನೂನಿನ ಪ್ರಕಾರ ಒಂದೇ ಸಮಾರಂಭಕ್ಕೆ ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. 2017ರಿಂದ ಈ ನಿಯಮ ಇದೆ. ಕಂತಿನಲ್ಲಿ ಕೊಟ್ಟರೂ ಸಮಾರಂಭ ಒಂದೇ ಆದರೆ ಎಲ್ಲ ಸೇರಿಸಿಯೇ ಲೆಕ್ಕ. ದಂಡ ಬೀಳುವುದು ಕೊಟ್ಟವರಿಗಲ್ಲ, ತೆಗೆದುಕೊಂಡವರಿಗೆ, ತೆಗೆದುಕೊಂಡಷ್ಟೇ ಮೊತ್ತ. ಇದನ್ನು ಚಿಕ್ಕಪ್ಪ ಹೇಳಿದ ಮೇಲೆ ಅವರೇ ಬ್ಯಾಂಕ್ ಖಾತೆ ನಂಬರ್ ಕೊಟ್ಟರು. ನಮಗೂ ಅದೇ ಅನುಕೂಲ. ಯಾವತ್ತು ಎಷ್ಟು ಕೊಟ್ಟೆವು ಅಂತ ಫೋನಿನಲ್ಲೇ ಇರುತ್ತದೆ, ವಾದ ಬರುವುದಿಲ್ಲ.

ವಾದ ಬಂದದ್ದು ಎಲೆ ಲೆಕ್ಕದಲ್ಲಿ.

ಎಲೆ ಎಷ್ಟು ಅಂತ ಹೇಳುವುದು ಮದುವೆಯಲ್ಲಿ ಕಷ್ಟದ ಕೆಲಸ. ಐನೂರು ಪತ್ರಿಕೆ ಹಂಚಿದರೆ ಐನೂರು ಎಲೆ ಅಂತ ಅಲ್ಲ. ಪತ್ರಿಕೆ ಮನೆಗೆ ಒಂದು, ಎಲೆ ತಲೆಗೆ ಒಂದು. ನಾನು ಅಮ್ಮನ ಜೊತೆ ಕೂತು ಮನೆಮನೆ ಬರೆದೆ. ಪ್ರತಿ ಮನೆಗೆ ಮೂರು ಅಂಕಿ: ಶನಿವಾರ ರಾತ್ರಿ ಎಷ್ಟು ಜನ, ಭಾನುವಾರ ಬೆಳಿಗ್ಗೆ ತಿಂಡಿಗೆ ಎಷ್ಟು, ಧಾರೆ ಊಟಕ್ಕೆ ಎಷ್ಟು. ದೂರದವರು ರಾತ್ರಿ ಉಳಿದರೆ ಮೂರೂ ಕಡೆ ಬರುತ್ತಾರೆ. ಅಪ್ಪನ ಆಫೀಸಿನವರು ರಾತ್ರಿ ಬಂದು ಕೈಕುಲುಕಿ ಊಟ ಮಾಡಿ ಹೋಗುತ್ತಾರೆ, ಧಾರೆಗೆ ಬರುವುದಿಲ್ಲ. ಹಳ್ಳಿಯವರು ರಾತ್ರಿ ಬರುವುದಿಲ್ಲ, ಧಾರೆಗೆ ಮನೆಮಂದಿಯೆಲ್ಲ ಬರುತ್ತಾರೆ. ಇದನ್ನು ಅಮ್ಮನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. "ಅವಳು ಬರ್ತೀನಿ ಅಂತಾಳೆ, ಬರಲ್ಲ. ಅವರು ಬರಲ್ಲ ಅಂತಾರೆ, ಐದು ಜನ ಬರ್ತಾರೆ" ಅಂತ ಒಂದೊಂದು ಮನೆಗೂ ಒಂದೊಂದು ತೀರ್ಪು.

ಇದರಲ್ಲಿ ಎಲ್ಲರೂ ಬಿಡುವ ಒಂದು ಸಾಲು ಇದೆ. ಫೋಟೋದವರು, ವಾಲಗದವರು, ಅಲಂಕಾರದ ಹುಡುಗರು, ಬಸ್ಸು ಕಾರಿನ ಡ್ರೈವರುಗಳು, ಪುರೋಹಿತರ ಸಹಾಯಕರು, ಮೇಕಪ್ಪಿನವಳು ಮತ್ತು ಅವಳ ಜೊತೆಯವಳು. ಇವರೆಲ್ಲ ಊಟ ಮಾಡುತ್ತಾರೆ. ನಮ್ಮದರಲ್ಲಿ ಇವರೇ ಮೂವತ್ತರ ಹತ್ತಿರ ಇದ್ದರು.

ಪಟ್ಟಿ ಪ್ರಕಾರ ಧಾರೆ ಊಟಕ್ಕೆ 550 ಬಂತು. ಅಡುಗೆಯವರ ಜೊತೆ ಒಪ್ಪಂದ ಹೀಗೆ: ಐದು ದಿನ ಮುಂಚೆ ಒಂದು ಸಂಖ್ಯೆ ಹೇಳಬೇಕು. ಅಷ್ಟು ಎಲೆಗೆ ಜನ ಬರಲಿ ಬಿಡಲಿ ದುಡ್ಡು ಕೊಡಬೇಕು. ಅದರ ಮೇಲೆ ಶೇ 10ರಷ್ಟು ಜಾಸ್ತಿಗೆ ಅವರು ತಯಾರಿರುತ್ತಾರೆ, ಬಡಿಸಿದಷ್ಟಕ್ಕೆ ಅದೇ ದರ. ಇದು ಇದ್ದಾಗ ಅಂದಾಜಿನಷ್ಟೇ ಹೇಳುವುದು ನಷ್ಟ. 550 ಅಂದುಬಿಟ್ಟರೆ 500 ಜನ ಬಂದರೂ 550ಕ್ಕೆ ಕೊಡಬೇಕು. 500 ಅಂದರೆ 550ರವರೆಗೆ ಊಟಕ್ಕೆ ಕೊರತೆ ಇಲ್ಲ, ಕೊಡುವುದು ಉಂಡಷ್ಟಕ್ಕೆ. ಹಾಗಾಗಿ 500 ಹೇಳಿದೆ. ಅಪ್ಪನಿಗೆ ಭಯ, ಊಟ ಸಾಲದೆ ಹೋದರೆ ಮರ್ಯಾದೆ ಪ್ರಶ್ನೆ ಅಂತ. ಒಪ್ಪಂದದ ಆ ಸಾಲನ್ನು ತೋರಿಸಿದ ಮೇಲೂ ಅವರಿಗೆ ಸಮಾಧಾನ ಇರಲಿಲ್ಲ.

ಧಾರೆ ಊಟ ಎಲೆಗೆ 330 ರೂಪಾಯಿ. ಊಟ ಎಲ್ಲ ಆದ ಮೇಲೆ ಕಾಂಟ್ರಾಕ್ಟರ ಕಡೆಯ ಹುಡುಗ ಚೀಟಿ ತಂದ. 580 ಎಲೆ ಅಂತ ಇತ್ತು. ನಾವು ಒಪ್ಪಲಿಲ್ಲ. ನಮ್ಮ ಲೆಕ್ಕ ಎರಡು ರೀತಿಯದು. ಮೊದಲನೆಯದು ಪಂಕ್ತಿ. ಊಟದ ಹಾಲಿನಲ್ಲಿ ಒಂದು ಪಂಕ್ತಿಗೆ 160 ಜನ ಕೂರುತ್ತಾರೆ, ಇದನ್ನು ಹಿಂದಿನ ರಾತ್ರಿಯೇ ಕುರ್ಚಿ ಎಣಿಸಿ ಬರೆದುಕೊಂಡಿದ್ದೆ. ಮೂರು ಪಂಕ್ತಿ ತುಂಬಿದವು, ನಾಲ್ಕನೆಯದರಲ್ಲಿ ಎರಡು ಸಾಲು ಮಾತ್ರ ಇದ್ದರು, ಐವತ್ತರ ಆಸುಪಾಸು. ಅಲ್ಲಿಗೆ ಸುಮಾರು 530. ಎರಡನೆಯದು ಬಾಳೆ ಎಲೆ ಕಟ್ಟು. ಕಟ್ಟಿಗೆ ನೂರು ಎಲೆ. ಬೆಳಿಗ್ಗೆ ಏಳು ಕಟ್ಟು ಬಂದಾಗ ನಮ್ಮ ಚಿಕ್ಕಪ್ಪನ ಮಗ ಫೋಟೋ ತೆಗೆದಿದ್ದ. ಊಟ ಮುಗಿದಾಗ ಒಂದು ಕಟ್ಟು ಬಿಚ್ಚಿರಲೇ ಇಲ್ಲ, ಇನ್ನೊಂದರಲ್ಲಿ ಅರವತ್ತು ಉಳಿದಿದ್ದವು. ಅಂದರೆ ಖರ್ಚಾದದ್ದು 540. ಹರಿದ ಎಲೆ ಹತ್ತು ಇರುತ್ತದೆ.

ಕಾಂಟ್ರಾಕ್ಟರೇ ಬಂದರು. ಜಗಳ ಏನೂ ಆಗಲಿಲ್ಲ. ಅಡುಗೆಮನೆ ಮೂಲೆಯಲ್ಲಿ ಗೋಣಿತಾಟಿನ ಕೆಳಗೆ ಇಟ್ಟಿದ್ದ ಬಿಚ್ಚದ ಕಟ್ಟನ್ನು ಚಿಕ್ಕಪ್ಪ ತೋರಿಸಿದರು. ಕಾಂಟ್ರಾಕ್ಟರು ಅದನ್ನು ಒಂದು ಸಲ ನೋಡಿ, ಹುಡುಗನನ್ನು ನೋಡಿ, "ಐನೂರ ಮೂವತ್ತು ಹಾಕಪ್ಪ" ಅಂದರು. ಐವತ್ತು ಎಲೆ ಅಂದರೆ 16,500 ರೂಪಾಯಿ. ಮೋಸ ಮಾಡಬೇಕು ಅಂತಲೇ ಬರೆದಿದ್ದರು ಅಂತ ನಾನು ಹೇಳುವುದಿಲ್ಲ. ಬಡಿಸುವ ಗಡಿಬಿಡಿಯಲ್ಲಿ ಅವರು ಪಂಕ್ತಿಗೆ ಅಂದಾಜು ಹೇಳುತ್ತಾರೆ, ಅಂದಾಜು ಯಾವಾಗಲೂ ಮೇಲಕ್ಕೇ ಹೋಗುತ್ತದೆ.

ರಾತ್ರಿ ಊಟದ ಖರ್ಚು ಬೀಗರದು ಅಂತ ಮಾತಾಗಿತ್ತು. ಇದಕ್ಕೂ ಒಂದು ದಿನ ಬೇಕಿತ್ತು, ಆದರೆ ಬೀಗರ ಹತ್ತಿರ ದುಡ್ಡು ಯಾವಾಗ ಕೊಡುತ್ತೀರಿ ಅಂತ ಕೇಳುವುದು ಹೇಗೆ? ಅಪ್ಪ ಕೇಳುವುದಿಲ್ಲ ಅಂದರು. ಕೊನೆಗೆ ಚೀಟಿಯನ್ನೇ ಎರಡು ಮಾಡಿಸಿದೆ. ಅಡುಗೆಯವರು ರಾತ್ರಿ ಊಟಕ್ಕೆ ಒಂದು ಒಪ್ಪಂದ ಬರೆದು ಹುಡುಗನ ತಂದೆಗೆ ಕಳಿಸಿದರು, ತಿಂಡಿ ಮತ್ತು ಧಾರೆ ಊಟಕ್ಕೆ ಇನ್ನೊಂದು ಬರೆದು ನಮಗೆ ಕೊಟ್ಟರು. ಅವರ ದುಡ್ಡು ಅವರು ನೇರವಾಗಿ ಕಟ್ಟಿದರು. ಮದುವೆ ಆದ ಮೇಲೆ ಬೀಗರ ಜೊತೆ ಲೆಕ್ಕ ಕೂಡಿಸುವ ಕೆಲಸವೇ ಬರಲಿಲ್ಲ.

ಬಟ್ಟೆ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸೀರೆ ಆರಿಸುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬೇಕು, ಅದಕ್ಕೆ ಪಟ್ಟಿ ಕೆಲಸ ಮಾಡುವುದಿಲ್ಲ. ರವಿಕೆಗೆ ಮಾತ್ರ ಕೆಲಸ ಮಾಡುತ್ತದೆ. ಆರಿ ವರ್ಕ್ ಇರುವ ರವಿಕೆಗೆ ಸೀಸನ್ನಿನಲ್ಲಿ ಒಂದು ತಿಂಗಳು ಕೇಳುತ್ತಾರೆ. ವರ್ಕ್ ಒಬ್ಬರು, ಹೊಲಿಗೆ ಇನ್ನೊಬ್ಬರು, ಸೀರೆಗೆ ಕುಚ್ಚು ಮತ್ತೊಬ್ಬರು. ಟೈಲರಿಗೆ ಮದುವೆ ದಿನ ಹೇಳಲೇಬಾರದು. ಮದುವೆ ಭಾನುವಾರ ಅಂದರೆ ಶುಕ್ರವಾರ ರಾತ್ರಿ ಕೊಡುತ್ತಾರೆ, ಕಂಕುಳು ಬಿಗಿಯಾದರೆ ಬಿಚ್ಚುವುದಕ್ಕೂ ಸಮಯ ಇರುವುದಿಲ್ಲ. ಏಪ್ರಿಲ್ ಹತ್ತಕ್ಕೆ ಮನೆಯಲ್ಲಿ ದೇವರ ಕಾರ್ಯ, ಅವತ್ತು ಉಡಬೇಕು ಅಂತ ಹೇಳಿದ್ದೆವು. ಹನ್ನೆರಡಕ್ಕೆ ಬಂತು. ಕಂಕುಳು ಬಿಗಿಯಾಗಿಯೇ ಇತ್ತು.

ಕೊನೆಯ ವಾರ ಪಟ್ಟಿಯಲ್ಲಿ ಉಳಿದದ್ದು ಸಣ್ಣ ಸಣ್ಣ ಬಾಕಿಗಳು. ವಾಲಗದವರಿಗೆ, ಪುರೋಹಿತರ ದಕ್ಷಿಣೆ, ಅಲಂಕಾರದವರ ಉಳಿದರ್ಧ, ಡ್ರೈವರುಗಳ ಭತ್ಯೆ, ಪಾತ್ರೆ ತೊಳೆಯುವವರಿಗೆ, ಬಾಗಿಲು ಕಾಯುವವನಿಗೆ. ಇವರೆಲ್ಲ ದುಡ್ಡು ಕೇಳುವ ಹೊತ್ತು ಒಂದೇ. ಸರಿಯಾಗಿ ಮುಹೂರ್ತದ ಹೊತ್ತು. ಅವರದೂ ತಪ್ಪಲ್ಲ, ಅವರ ಕೆಲಸ ಆಗ ಮುಗಿಯುತ್ತದೆ, ಇನ್ನೊಂದು ಛತ್ರಕ್ಕೆ ಓಡಬೇಕು. ಆದರೆ ಆ ಹೊತ್ತಿಗೆ ಅಪ್ಪ ಅಮ್ಮ ಧಾರೆ ಎರೆಯುತ್ತಿರುತ್ತಾರೆ, ಸೋದರಮಾವ ಹುಡುಗಿಯನ್ನು ಕರೆತರುತ್ತಿರುತ್ತಾನೆ, ನಾನು ಕಳಸ ಹಿಡಿದು ನಿಂತಿರುತ್ತೇನೆ. ದುಡ್ಡಿನ ಚೀಲ ಯಾರ ಹತ್ತಿರ?

ಶಾಸ್ತ್ರದಲ್ಲಿ ಏನೂ ಕೆಲಸ ಇಲ್ಲದವರು ಬೇಕು. ಚಿಕ್ಕಪ್ಪನ ಮಗನಿಗೆ ಕೊಟ್ಟೆವು. ಗುರುವಾರ ರಾತ್ರಿ ಕೂತು ಒಂದೊಂದು ಬಾಕಿಯನ್ನೂ ಒಂದೊಂದು ಕವರಿಗೆ ಹಾಕಿ, ಮೇಲೆ ಹೆಸರು, ಒಪ್ಪಿದ್ದು, ಕೊಟ್ಟದ್ದು, ಒಳಗಿರುವುದು ಅಂತ ಬರೆದೆವು. ಕೊಟ್ಟ ಕೂಡಲೇ ಕವರ್ ವಾಪಸ್ ತೆಗೆದುಕೊಂಡು ಅದರ ಮೇಲೇ ಸಹಿ ಹಾಕಿಸಬೇಕು. ಯಾರಾದರೂ ಜಾಸ್ತಿ ಕೇಳಿದರೆ "ನನಗೆ ಗೊತ್ತಿಲ್ಲ, ದೊಡ್ಡಪ್ಪ ಮಂಟಪದಿಂದ ಇಳಿಯಲಿ" ಅನ್ನಬೇಕು. ಅವನಿಗೆ ಇಪ್ಪತ್ತೆರಡು ವರ್ಷ, ಈ ಮಾತನ್ನು ಅವನಷ್ಟು ಮುಗ್ಧವಾಗಿ ಹೇಳುವವರು ಸಿಗುವುದಿಲ್ಲ. ವಾಲಗದವರು ಗಟ್ಟಿಮೇಳ ಮುಗಿದ ಹತ್ತು ನಿಮಿಷಕ್ಕೆ ಹೊರಟುಹೋದರು. ಐನೂರು ಜಾಸ್ತಿ ಕೇಳುವುದಕ್ಕೆ ಅಪ್ಪನಿಗಾಗಿ ಯಾರೂ ಕಾಯಲಿಲ್ಲ.

ಮೂರು ಗಂಟೆಗೆ ಛತ್ರ ಬಿಡಬೇಕಿತ್ತು. ಹೊರಗೆ ಮುಂದಿನವರ ಹೂವಿನ ಟೆಂಪೋ ಬಂದು ನಿಂತಿತ್ತು. ಮ್ಯಾನೇಜರ ಜೊತೆ ಮೀಟರ್ ನೋಡುವುದಕ್ಕೆ ಹೋದೆ. ಶನಿವಾರ ಒಳಗೆ ಬಂದಾಗ ಮೀಟರಿನ ಫೋಟೋ ತೆಗೆದಿದ್ದೆ, ಅದನ್ನು ತೋರಿಸಿ ಎರಡರ ವ್ಯತ್ಯಾಸಕ್ಕೆ ದುಡ್ಡು ಕಟ್ಟಿದೆ. ಶನಿವಾರ ಸಂಜೆ ಗುಡುಗು ಮಳೆ ಬಂದು ಕರೆಂಟು ಹೋಗಿತ್ತು, ಏಪ್ರಿಲ್ ಅಂದ ಮೇಲೆ ಅದು ಇದ್ದದ್ದೇ. ಜನರೇಟರ್ ಎರಡು ಗಂಟೆ ಓಡಿದ್ದು ಅವರ ಪುಸ್ತಕದಲ್ಲೂ ಎರಡು ಗಂಟೆ ಅಂತಲೇ ಇತ್ತು. ಒಂದು ಕುರ್ಚಿ ಕಾಲು ಮುರಿದಿದೆ ಅಂತ ಸ್ವಲ್ಪ ಹಿಡಿದುಕೊಂಡು ಡಿಪಾಸಿಟ್ ವಾಪಸ್ ಕೊಟ್ಟರು. ಆ ಕುರ್ಚಿ ಮೊದಲೇ ಮುರಿದಿತ್ತು ಅಂತ ನಮ್ಮ ಯಜಮಾನರ ವಾದ. ಮುಂದಿನವರ ಟೆಂಪೋ ಹಾರ್ನ್ ಹೊಡೆಯುತ್ತಿತ್ತು, ಬಿಟ್ಟೆವು.

ಪಟ್ಟಿಯಲ್ಲಿ ಈಗಲೂ ಒಂದು ಸಾಲು ಉಳಿದಿದೆ. ಫೋಟೋದವರಿಗೆ ಮೂರು ಕಂತು ಅಂತ ಮಾತು: ಬುಕ್ಕಿಂಗಿನಲ್ಲಿ ಒಂದು, ಮದುವೆ ದಿನ ಒಂದು, ಆಲ್ಬಮ್ ಕೈಗೆ ಬಂದಾಗ ಒಂದು. ಕೊನೆಯ ಕಂತು ಇಟ್ಟುಕೊಂಡರೆ ಅವರು ಬೇಗ ಆಲ್ಬಮ್ ಕೊಡುತ್ತಾರೆ ಅಂತ ನಮ್ಮ ಲೆಕ್ಕ. ಅವರು ಎಲ್ಲ ಫೋಟೋಗಳನ್ನು ಹಾರ್ಡ್ ಡಿಸ್ಕಿನಲ್ಲಿ ಹಾಕಿ ಮೇ ತಿಂಗಳಲ್ಲೇ ಕೊಟ್ಟರು. ಅದರಲ್ಲಿ ಆಲ್ಬಮ್ಮಿಗೆ ಬೇಕಾದವನ್ನು ಆರಿಸಿ ಕಳಿಸಬೇಕಾದವಳು ತಂಗಿ. ಫೋನ್ ಮಾಡಿದರೆ "ಈ ಭಾನುವಾರ ಕೂತ್ಕೋತೀನಿ ಅಕ್ಕಾ" ಅನ್ನುತ್ತಾಳೆ. ಫೋಟೋದವರು ಈಗ ದುಡ್ಡಿಗಾಗಿ ಅವಳಿಗೇ ನೇರವಾಗಿ ಫೋನ್ ಮಾಡುತ್ತಿದ್ದಾರೆ, ನಂಬರ್ ಕೊಟ್ಟವಳು ನಾನೇ.